ಆಡ್-ಆನ್ ಕಾರ್ಡ್: ಸ್ವೈಪ್ ಮಾಡೋದು ಮಗ, ಬಾಕಿ ಬೀಳೋದು ಅಪ್ಪನ ಹೆಸರಿಗೆ

ಮೈಸೂರಿನಲ್ಲಿ ಕ್ರೆಡಿಟ್ ಕಾರ್ಡ್ ಕೌಂಟರ್‌ನಲ್ಲಿ ಕೂರುವವರಿಗೆ ಜೂನ್, ಜುಲೈ ಬಂತೆಂದರೆ ಒಂದು ಅರ್ಜಿ ಹೆಚ್ಚು ಬರುತ್ತದೆ. ಮಂಡ್ಯ, ಮದ್ದೂರು, ಪಾಂಡವಪುರ ಕಡೆಯ ಮಕ್ಕಳು ಕಾಲೇಜು ಸೇರಿ ಮೈಸೂರಿನ ಹಾಸ್ಟೆಲ್, ಪಿಜಿಗಳಿಗೆ ಬರುವ ಕಾಲ ಅದು. ಅಪ್ಪ ತನ್ನ ಕಾರ್ಡಿನ ಮೇಲೆ ಮಗನಿಗೋ ಮಗಳಿಗೋ ಇನ್ನೊಂದು ಕಾರ್ಡ್ ಮಾಡಿಸುತ್ತಾರೆ. ಇದೇ ಆಡ್-ಆನ್ ಕಾರ್ಡ್. ಅರ್ಜಿಗೆ ಸಹಿ ಹಾಕುವಾಗ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ಸರ್, ಮಗನ ಬಿಲ್ಲು ಬೇರೆ ತಾನೆ ಬರೋದು?"

ಬೇರೆ ಬರುವುದಿಲ್ಲ. ಆಡ್-ಆನ್ ಎಂದರೆ ಬೇರೆ ಸಾಲದ ಖಾತೆಯಲ್ಲ, ಇರುವ ಖಾತೆಗೆ ಕೊಟ್ಟ ಇನ್ನೊಂದು ಬೀಗದ ಕೈ. ಬಿಲ್ಲಿನಲ್ಲಿ ಮಗನ ಕಾರ್ಡ್ ನಂಬರ್ ಕೆಳಗೆ ಅವನ ಖರ್ಚುಗಳ ಪಟ್ಟಿ ಬೇರೆಯಾಗಿಯೇ ಕಾಣುತ್ತದೆ. ಆದರೆ ಕಟ್ಟಬೇಕಾದ ಒಟ್ಟು ಮೊತ್ತ ಒಂದು, ಕಡೆಯ ದಿನಾಂಕ ಒಂದು, ಹೊಣೆಗಾರ ಒಬ್ಬ. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಕಾರ್ಡ್ ನಿರ್ದೇಶನಗಳಲ್ಲಿ ಇದು ಬಿಡಿಸಿ ಬರೆದಿದೆ: ಆಡ್-ಆನ್ ಕಾರ್ಡನ್ನು ಮುಖ್ಯ ಕಾರ್ಡ್‌ದಾರ ಗುರುತಿಸಿ ಹೇಳಿದವರಿಗೆ ಮಾತ್ರ ಕೊಡಬೇಕು, ಅದರ ಬಾಕಿಯ ಹೊಣೆ ಮುಖ್ಯ ಕಾರ್ಡ್‌ದಾರನದು ಎಂಬ ಸ್ಪಷ್ಟ ತಿಳಿವಳಿಕೆಯ ಮೇಲೆಯೇ ಕೊಡಬೇಕು. ಕೆಲವು ಬ್ಯಾಂಕುಗಳ ಒಪ್ಪಂದದಲ್ಲಿ ಆಡ್-ಆನ್‌ದಾರನೂ ಜೊತೆಗೆ ಹೊಣೆ ಎಂಬ ಸಾಲು ಇರುತ್ತದೆ. ಇದ್ದರೂ ಅಪ್ಪನ ಹೊಣೆ ಅದರಿಂದ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

ಇದು ಗೊತ್ತಿದ್ದವರೂ ಎಡವುವ ಒಂದು ಜಾಗವಿದೆ, ಲೆಕ್ಕ ಹಾಕಿಯೇ ನೋಡಬೇಕು.

ಅಪ್ಪ ಮದ್ದೂರಿನಲ್ಲಿ, ಮಗ ಮೈಸೂರಿನಲ್ಲಿ ಎಂದುಕೊಳ್ಳಿ. ಕಾರ್ಡಿನ ಲಿಮಿಟ್ 1,50,000 ರೂಪಾಯಿ. ಬಿಲ್ ತಯಾರಾಗುವುದು ಪ್ರತಿ ತಿಂಗಳ 12ಕ್ಕೆ, ಕಟ್ಟಲು ಕಡೆಯ ದಿನ ಮುಂದಿನ 1ನೇ ತಾರೀಖು. ಜುಲೈ 20ರಂದು ಮಗ ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ 42,000 ರೂಪಾಯಿಯ ಲ್ಯಾಪ್‌ಟಾಪ್ ಕೊಳ್ಳುತ್ತಾನೆ. ಅಪ್ಪನ ಪೆಟ್ರೋಲು, ದಿನಸಿ, ಗೊಬ್ಬರ ಎಲ್ಲ ಸೇರಿ 18,000. ಆಗಸ್ಟ್ 12ರ ಬಿಲ್ಲು 60,000ಕ್ಕೆ ಬರುತ್ತದೆ.

ಮನೆಯಲ್ಲಿ ಮಾತಾಗಿರುವುದೇನೆಂದರೆ, ಲ್ಯಾಪ್‌ಟಾಪ್ ದುಡ್ಡನ್ನು ಮಗ ಸ್ಕಾಲರ್‌ಶಿಪ್ ಬಂದ ಮೇಲೆ ಕಟ್ಟುತ್ತಾನೆ. ಅಪ್ಪ ಸೆಪ್ಟೆಂಬರ್ 1ಕ್ಕೆ ಸರಿಯಾಗಿ ತನ್ನ ಪಾಲಿನ 18,000 ಕಟ್ಟುತ್ತಾರೆ. ತನ್ನ ಲೆಕ್ಕ ಚುಕ್ತಾ ಎಂದು ನೆಮ್ಮದಿಯಾಗಿರುತ್ತಾರೆ.

ಬ್ಯಾಂಕಿನ ಲೆಕ್ಕದಲ್ಲಿ "ನನ್ನ ಪಾಲು" ಎಂಬುದೇ ಇಲ್ಲ. 60,000ದಲ್ಲಿ 42,000 ಬಾಕಿ ಉಳಿಯಿತು, ಅಷ್ಟೇ. ಬಿಲ್ಲನ್ನು ಪೂರ್ತಿ ಕಟ್ಟದಿದ್ದರೆ ಬಡ್ಡಿಯಿಲ್ಲದ ಅವಧಿ ರದ್ದಾಗುತ್ತದೆ, ಉಳಿದ ಬಾಕಿಗೆ ಬಡ್ಡಿ ಶುರುವಾಗುವುದು ಕಡೆಯ ದಿನಾಂಕದಿಂದಲ್ಲ, ಖರೀದಿಸಿದ ದಿನದಿಂದ. ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ ಶೇ. 42 ಬಡ್ಡಿ ಇರುವ ಕಾರ್ಡ್ ಎಂದು ಹಿಡಿದರೆ, 42,000ಕ್ಕೆ ದಿನಕ್ಕೆ ಸುಮಾರು 48 ರೂಪಾಯಿ. ಜುಲೈ 20ರಿಂದ ಸೆಪ್ಟೆಂಬರ್ 12ರ ಬಿಲ್ಲಿನ ತನಕ 54 ದಿನ. ಬಡ್ಡಿ ಸುಮಾರು 2,610 ರೂಪಾಯಿ.

ಅಲ್ಲಿಗೆ ನಿಲ್ಲುವುದಿಲ್ಲ. ಹಳೆಯ ಬಾಕಿ ಇರುವಾಗ ಹೊಸ ಖರ್ಚಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ಅಪ್ಪ ಆಗಸ್ಟ್ 15ರಂದು 10,000 ರೂಪಾಯಿಯ ದಿನಸಿ ತಂದಿದ್ದರೆ, ಅದಕ್ಕೂ ಅಂದಿನಿಂದಲೇ ಬಡ್ಡಿ: 28 ದಿನಕ್ಕೆ ಸುಮಾರು 322 ರೂಪಾಯಿ. ಎರಡೂ ಸೇರಿದ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು ಹೆಚ್ಚುವರಿ ಸುಮಾರು 3,460 ರೂಪಾಯಿ. ಮಗನ ಖರ್ಚಿನ ಬಾಕಿಯಿಂದಾಗಿ ಅಪ್ಪನ ದಿನಸಿಗೂ ಬಡ್ಡಿ ಬಿತ್ತು.

ಈ ತಪ್ಪು ತಿಂಗಳುಗಟ್ಟಲೆ ಕಣ್ಣಿಗೆ ಬೀಳದಿರಲು ಕಾರಣವಿದೆ. 60,000 ಬಿಲ್ಲಿಗೆ ಕನಿಷ್ಠ ಪಾವತಿ ಶೇ. 5 ಎಂದರೆ 3,000. ಅಪ್ಪ ಕಟ್ಟಿದ್ದು ಅದಕ್ಕಿಂತ ಬಹಳ ಹೆಚ್ಚು. ಹಾಗಾಗಿ ತಡಪಾವತಿಯ ದಂಡ ಬೀಳುವುದಿಲ್ಲ, ವಸೂಲಿ ಫೋನು ಬರುವುದಿಲ್ಲ, ಸಿಬಿಲ್‌ನಲ್ಲಿ ಕಂತು ತಪ್ಪಿದ ದಾಖಲೆಯೂ ಆಗುವುದಿಲ್ಲ. ಬಡ್ಡಿ ಮಾತ್ರ ಸದ್ದಿಲ್ಲದೆ ಓಡುತ್ತಿರುತ್ತದೆ. ಇದನ್ನು ಹಿಡಿಯಲು ಬಿಲ್ಲಿನಲ್ಲಿ ಒಂದು ಸಾಲು ನೋಡಿದರೆ ಸಾಕು: ಫೈನಾನ್ಸ್ ಚಾರ್ಜಸ್ ಅಥವಾ ಇಂಟರೆಸ್ಟ್ ಚಾರ್ಜಸ್ ಎಂದಿರುವ ಕಡೆ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ, ಕಾರ್ಡಿನಿಂದ ನಗದು ತೆಗೆದಿಲ್ಲವಾದರೆ, ಹಿಂದಿನ ಬಿಲ್ಲು ಪೂರ್ತಿ ಕಟ್ಟಿಲ್ಲ ಎಂದರ್ಥ. ಆಗ ಬಾಕಿಯನ್ನು ಆ ದಿನವೇ ಕಟ್ಟಿ. ಮುಂದಿನ ಬಿಲ್ಲಿನಲ್ಲಿ ಕಟ್ಟಿದ ದಿನದ ತನಕದ ಚೂರು ಬಡ್ಡಿ ಮತ್ತೆ ಬರಬಹುದು. ಆ ಬಿಲ್ಲನ್ನೂ ಪೂರ್ತಿ ತೀರಿಸಿದ ಮೇಲೆಯೇ ಲೆಕ್ಕ ಮೊದಲಿನಂತಾಗುವುದು.

ಮಗ ತನ್ನ ಆಡ್-ಆನ್ ಕಾರ್ಡ್ ನಂಬರ್ ಹಾಕಿ ತಾನೇ ದುಡ್ಡು ಕಟ್ಟಿದರೂ, ಸಾಮಾನ್ಯವಾಗಿ ಅದು ಸೇರುವುದು ಒಟ್ಟು ಖಾತೆಗೇ. "ಇದು ಲ್ಯಾಪ್‌ಟಾಪಿನದು" ಎಂದು ಗುರುತು ಹಾಕಿ ಕಟ್ಟಲು ಬರುವುದಿಲ್ಲ. ಮನೆಯಲ್ಲಿ ಪಾಲು ಹಂಚಿಕೊಳ್ಳುವುದಾದರೆ ಒಂದೇ ದಾರಿ: ಕಡೆಯ ದಿನಕ್ಕೆ ಮೂರ್ನಾಲ್ಕು ದಿನ ಮುಂಚೆ ಮಗ ಅಪ್ಪನಿಗೆ ಯುಪಿಐ ಮಾಡಬೇಕು, ಅಪ್ಪ ಒಟ್ಟು ಬಿಲ್ಲನ್ನು ಒಂದೇ ಸಲ ಕಟ್ಟಬೇಕು. ಮಗ ಕಳಿಸದಿದ್ದರೂ ಅಪ್ಪ ಪೂರ್ತಿ ಕಟ್ಟುವುದೇ ಸರಿ. ಮಗನ ಮೇಲಿನ ಸಿಟ್ಟಿಗೆ ಶೇ. 42 ಬಡ್ಡಿ ತೆರಬಾರದು. ಕಬ್ಬಿನ ದುಡ್ಡು ನಂಬಿಕೊಂಡ ಮನೆಗಳಲ್ಲಿ ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗುತ್ತದೆ. ಕಾರ್ಖಾನೆಯ ಬಟವಾಡೆ ಮುಂದಕ್ಕೆ ಹೋಗಬಹುದು, ಕಾರ್ಡಿನ ಕಡೆಯ ದಿನ ಹೋಗುವುದಿಲ್ಲ.

ಇನ್ನೊಂದು ಮಾತು ಕೌಂಟರಿನಲ್ಲಿ ಕೇಳಿಬರುತ್ತದೆ: "ಇದು ನಾನು ಮಾಡಿದ್ದಲ್ಲ, ವಾಪಸ್ ಹಾಕ್ಸಿ." ಖರ್ಚು ಮಾಡಿದವನು ಮಗನೇ ಆಗಿದ್ದರೆ ಇದು ನಡೆಯುವುದಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಅನಧಿಕೃತ ವಹಿವಾಟು ಎಂದರೆ ಕಾರ್ಡ್‌ದಾರರಿಬ್ಬರಲ್ಲಿ ಯಾರೂ ಮಾಡದ್ದು: ಕದ್ದ ಕಾರ್ಡು, ನಕಲು ಮಾಡಿದ ಕಾರ್ಡು, ಮೋಸದ ವೆಬ್‌ಸೈಟು. ಅಪ್ಪನನ್ನು ಕೇಳದೆ ಮಗ ಕೊಂಡದ್ದು ಮನೆಯ ಮಾತಿಗೆ ತಪ್ಪಿರಬಹುದು, ಆದರೆ ಅವನ ಕೈಗೆ ಕಾರ್ಡು ಕೊಡಿಸಿದವರು ಅಪ್ಪನೇ. ತಕರಾರು ಫಾರಂನಲ್ಲಿ "ನಾನಾಗಲಿ, ನನ್ನ ಆಡ್-ಆನ್‌ದಾರರಾಗಲಿ ಮಾಡಿಲ್ಲ" ಎಂಬ ಅರ್ಥದ ಘೋಷಣೆ ಇದ್ದರೆ, ಗೊತ್ತಿದ್ದೂ ಅದಕ್ಕೆ ಸಹಿ ಹಾಕಬೇಡಿ, ಅದು ಸುಳ್ಳು ಹೇಳಿಕೆಯಾಗುತ್ತದೆ. ನಿಜವಾಗಿಯೂ ಕಾರ್ಡು ಕಳೆದಿದ್ದರೆ ಮಗ ಮೊದಲು ಅಪ್ಪನಿಗೆ ಹೆದರಿ ಸುಮ್ಮನಿರುವುದೇ ದೊಡ್ಡ ಅಪಾಯ. ಬ್ಯಾಂಕಿಗೆ ತಿಳಿಸುವುದು ತಡವಾದಷ್ಟೂ ನಷ್ಟ ಕಾರ್ಡ್‌ದಾರನ ತಲೆಗೆ ಬರುವ ಸಾಧ್ಯತೆ ಹೆಚ್ಚು. ಕಾರ್ಡ್ ಬ್ಲಾಕ್ ಮಾಡುವ ಫೋನ್ ನಂಬರನ್ನು ಮಗನ ಮೊಬೈಲ್‌ನಲ್ಲಿ ಮೊದಲ ದಿನವೇ ಸೇವ್ ಮಾಡಿಸಿ, ಬೈಯುವುದು ಆಮೇಲಿರಲಿ.

ಇಷ್ಟೆಲ್ಲ ಹೊಣೆ ಅಪ್ಪನದೇ ಆದಮೇಲೆ ಅದಕ್ಕೆ ಗಡಿ ಹಾಕುವ ಹಕ್ಕೂ ಅಪ್ಪನದೇ. ಅರ್ಜಿಯಲ್ಲಿ ಆಡ್-ಆನ್‌ದಾರರ ಹೆಸರು, ಹುಟ್ಟಿದ ದಿನಾಂಕ, ಸಂಬಂಧ, ಕೆವೈಸಿ ದಾಖಲೆ ಕೇಳುತ್ತಾರೆ. ಹೆಚ್ಚಿನ ಬ್ಯಾಂಕುಗಳು 18 ತುಂಬಿದವರಿಗೆ ಕೊಡುತ್ತವೆ, ಕೆಲವು ಅದಕ್ಕೂ ಚಿಕ್ಕವರಿಗೆ. ಅದೇ ಅರ್ಜಿಯಲ್ಲಿ ಆಡ್-ಆನ್ ಲಿಮಿಟ್ ಎಂಬ ಖಾನೆ ಇರುತ್ತದೆ, ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟರೆ ಅನೇಕ ಕಡೆ ಪೂರ್ತಿ 1,50,000 ಮಗನ ಕೈಗೆ ಹೋದಂತೆ. ಪಿಜಿ ಬಾಡಿಗೆ, ಊಟ, ಬಸ್ಸು ಎಲ್ಲ ಲೆಕ್ಕ ಹಾಕಿ 15,000 ಸಾಕೆನಿಸಿದರೆ ಅಷ್ಟನ್ನೇ ಬರೆಯಿರಿ. ಈಗಾಗಲೇ ಕಾರ್ಡ್ ಬಂದಿದ್ದರೆ ಆ್ಯಪ್‌ನಲ್ಲೋ ಕಸ್ಟಮರ್ ಕೇರ್‌ನಲ್ಲೋ ಇಳಿಸಬಹುದು. ಇದು ಮಗನಿಗೆಂದು ಎತ್ತಿಟ್ಟ ಹಣವಲ್ಲ ಎಂಬುದನ್ನೂ ಅವನಿಗೆ ಹೇಳಿರಬೇಕು. ಅಪ್ಪ 1,45,000 ಬಳಸಿಬಿಟ್ಟಿದ್ದರೆ, 15,000 ಲಿಮಿಟ್ ಇದ್ದರೂ ಮಗನಿಗೆ ಸಿಗುವುದು 5,000 ಮಾತ್ರ, ಅದರ ಮೇಲಿನ ಸ್ವೈಪ್ ಡಿಕ್ಲೈನ್ ಆಗುತ್ತದೆ.

ಲಿಮಿಟ್ಟಿಗಿಂತಲೂ ನಾನು ಮುಖ್ಯ ಎನ್ನುವುದು ಎಟಿಎಂ ಸ್ವಿಚ್. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಬಡ್ಡಿಯಿಲ್ಲದ ಅವಧಿಯೇ ಇಲ್ಲ, ತೆಗೆದ ದಿನದಿಂದ ಬಡ್ಡಿ, ಜೊತೆಗೆ ಪ್ರತಿ ಸಲ ಶುಲ್ಕ. 2,000 ತೆಗೆದರೂ ಕೆಲವು ಕಾರ್ಡುಗಳಲ್ಲಿ ಕನಿಷ್ಠ 500 ಶುಲ್ಕ ಬೀಳುತ್ತದೆ. ಆ್ಯಪ್‌ನಲ್ಲಿ ಪ್ರತಿ ಕಾರ್ಡಿಗೂ ಎಟಿಎಂ, ಆನ್‌ಲೈನ್, ವಿದೇಶಿ ವಹಿವಾಟು, ಟ್ಯಾಪ್ ಪಾವತಿ ಇವುಗಳನ್ನು ಬೇರೆಬೇರೆಯಾಗಿ ಆನ್-ಆಫ್ ಮಾಡಬಹುದು. ಮಗನ ಕಾರ್ಡಿನಲ್ಲಿ ಎಟಿಎಂ ಮತ್ತು ವಿದೇಶಿ ಎರಡನ್ನೂ ಮುಚ್ಚಿ. ಆಮೇಲೆ ಎಸ್‌ಎಂಎಸ್ ಯಾರ ಮೊಬೈಲಿಗೆ ಬರುತ್ತದೆ ಎಂದು ಬಾಯಿಬಿಟ್ಟು ಕೇಳಿ. ಕೆಲವು ಬ್ಯಾಂಕುಗಳಲ್ಲಿ ಓಟಿಪಿ ಅಪ್ಪನಿಗೆ ಬರುತ್ತದೆ, ಆಗ ಮಗ ಪ್ರತಿ ಆನ್‌ಲೈನ್ ಖರೀದಿಗೂ ಫೋನ್ ಮಾಡಬೇಕು; ಕೆಲವು ಕಡೆ ಎಲ್ಲವೂ ಮಗನ ನಂಬರಿಗೆ ಹೋಗುತ್ತದೆ, ಅಪ್ಪನಿಗೆ ಬಿಲ್ಲು ಬಂದಾಗಲೇ ಗೊತ್ತಾಗುವುದು. ಖರ್ಚಿನ ಸಂದೇಶ ಇಬ್ಬರಿಗೂ ಬರುವಂತೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಕಾರ್ಡು ಬೇಡವಾದಾಗ ಕತ್ತರಿಸಿ ಬಿಸಾಡಿದರೆ ಮುಚ್ಚಿದಂತಾಗುವುದಿಲ್ಲ. ಮುಖ್ಯ ಕಾರ್ಡ್‌ದಾರರು ಮೊದಲು ಆ್ಯಪ್‌ನಲ್ಲಿ ಆ ಕಾರ್ಡನ್ನು ಬ್ಲಾಕ್ ಮಾಡಿ, ನಂತರ ರದ್ದತಿಯ ಕೋರಿಕೆ ಕೊಟ್ಟು ಅದರ ನಂಬರ್ ಬರೆದಿಟ್ಟುಕೊಳ್ಳಬೇಕು. ಅದಕ್ಕೂ ಮುಂಚೆ ಮಗನ ಹತ್ತಿರ ಕೂತು ಆ ಕಾರ್ಡಿಗೆ ಕಟ್ಟಿಹಾಕಿರುವ ಸಿನಿಮಾ ಆ್ಯಪ್, ಹಾಡಿನ ಆ್ಯಪ್, ಜಿಮ್ಮಿನ ಆಟೋ-ಪೇಗಳನ್ನು ಒಂದೊಂದಾಗಿ ರದ್ದು ಮಾಡಿಸಿ. ನಡೆಯುತ್ತಿರುವ ಇಎಂಐ ಇದ್ದರೆ ಅದು ಕಾರ್ಡಿನ ಜೊತೆ ಸಾಯುವುದಿಲ್ಲ, ಅಪ್ಪನ ಬಿಲ್ಲಿನಲ್ಲಿ ಮುಂದುವರಿಯುತ್ತದೆ ಅಥವಾ ಉಳಿದ ಅಸಲನ್ನು ಒಟ್ಟಿಗೇ ಕೇಳುತ್ತಾರೆ. ಬ್ಲಾಕ್ ಮಾಡುವ ಮುಂಚಿನ ದಿನ ಮಾಡಿದ ಸ್ವೈಪ್ ಖಾತೆಗೆ ಏರಲು ಎರಡು ಮೂರು ದಿನ ಹಿಡಿಯಬಹುದು. ಹಾಗಾಗಿ ರದ್ದಾದ ಮೇಲಿನ ಒಂದು ಬಿಲ್ಲನ್ನಾದರೂ ಮಗನ ಕಾರ್ಡ್ ನಂಬರಿನ ಸಾಲು ಸೊನ್ನೆಯಾಗಿದೆಯೇ ಎಂದು ನೋಡಿಕೊಳ್ಳಿ.