ಕಂತು ಇಳಿದಿದೆ ಅಂತ ಖುಷಿಪಟ್ಟ ಆ ಪತ್ರ

ನಾನು ಆಡಿಟರ್ ಆಫೀಸೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ನಮ್ಮ ಹಳೇ ಕ್ಲೈಂಟ್ ಒಬ್ಬರದ್ದು ಹಿಟ್ಟಿನ ಗಿರಣಿ. ಮಷೀನ್ ಸಾಲದ ಕಂತು ಕಟ್ಟಲು ಆಗದೆ ಬ್ಯಾಂಕಿಗೆ ಅರ್ಜಿ ಕೊಟ್ಟಿದ್ದರು, ಬ್ಯಾಂಕಿನವರು ಸಾಲ ಮರುಹೊಂದಾಣಿಕೆ ಮಾಡಿ ಪತ್ರ ಕಳಿಸಿದರು. ಆರು ತಿಂಗಳು ಕಂತಿಲ್ಲ, ಆಮೇಲೆ ಕಂತು 26,693ರಿಂದ 22,736 ರೂಪಾಯಿಗೆ ಇಳಿಯುತ್ತದೆ ಅಂತ ಇತ್ತು. ನಾನು ಅಷ್ಟೇ ನೋಡಿ ಫೋನ್ ಮಾಡಿ "ಯಜಮಾನ್ರೇ, ಸುಮಾರು ನಾಲ್ಕು ಸಾವಿರ ಉಳೀತು, ಸೈನ್ ಮಾಡಿ" ಅಂದುಬಿಟ್ಟೆ.

ಪುಣ್ಯಕ್ಕೆ ಅವರು ಸೈನ್ ಮಾಡುವ ಮೊದಲು ಪತ್ರ ತಗೊಂಡು ಆಫೀಸಿಗೇ ಬಂದರು. ನಮ್ಮ ಸರ್ ಓದಿ ಒಂದೇ ಪ್ರಶ್ನೆ ಕೇಳಿದರು. "84 ತಿಂಗಳು ಅಂತ ಬರೆದಿದ್ದಾರಲ್ಲ, ಯಾವತ್ತಿಂದ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಪತ್ರದಲ್ಲೂ ಇರಲಿಲ್ಲ.

ಸರಿ, ಲೆಕ್ಕ ಹಾಕಲು ಕೂತೆವು. ಬಾಕಿ 12 ಲಕ್ಷ, ಬಡ್ಡಿ ವರ್ಷಕ್ಕೆ 12%, ಉಳಿದಿದ್ದು 60 ಕಂತು. ಬಿಡುವಿನ ಆರು ತಿಂಗಳು ಕಂತು ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಮೊದಲ ತಿಂಗಳು 12,000 ಬಡ್ಡಿ ಆಗುತ್ತದೆ, ಅದನ್ನು ಅಸಲಿಗೆ ಸೇರಿಸುತ್ತಾರೆ, ಮುಂದಿನ ತಿಂಗಳು ಅದಕ್ಕೂ ಬಡ್ಡಿ. ಹೀಗೆ ಆರು ತಿಂಗಳಿಗೆ 73,824 ಸೇರಿ ಬಾಕಿ 12,73,824 ಆಗಬೇಕು. ಯಜಮಾನ್ರು ನಡುವೆ "ಕೊರೊನಾ ಟೈಮಲ್ಲಿ ಬಡ್ಡಿ ಮೇಲೆ ಬಡ್ಡಿ ಹಾಕಬಾರದು ಅಂತ ಕೋರ್ಟ್ ಹೇಳಿತ್ತಲ್ಲ" ಅಂದರು. ಹೇಳಿದ್ದು ನಿಜ, ಆದರೆ ಸುಪ್ರೀಂ ಕೋರ್ಟಿನ ಆ 2021ರ ತೀರ್ಪು 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಬಿಡುವಿಗೆ ಮಾತ್ರ. ಈಗಿನದಕ್ಕೆ ಪತ್ರದಲ್ಲಿ ಏನು ಬರೆದಿದೆಯೋ ಅದೇ.

ಆಮೇಲೆ ತಿಂಗಳಿಗೆ 1% ಬಡ್ಡಿಯಂತೆ ಕಂತು ಎಷ್ಟಾಗುತ್ತದೆ ಅಂತ ನೋಡಲು ಎಕ್ಸೆಲ್‌ನಲ್ಲಿ ಇದನ್ನು ಹಾಕಿದೆ:

```
=PMT(1%,84,-1273824)
```

22,486 ಬಂತು, ಪತ್ರದ ಕಂತಿಗೆ ಹತ್ತಿರ. ಅಂದರೆ ಬಿಡುವು ಮುಗಿದ ಮೇಲೆ ಪೂರ್ತಿ 84 ಕಂತು, ಒಟ್ಟು 90 ತಿಂಗಳು. ಬಿಡುವೂ ಸೇರಿ 84 ಆಗಿದ್ದರೆ ಕಟ್ಟಲು 78 ತಿಂಗಳು ಮಾತ್ರ ಉಳಿಯುತ್ತಿತ್ತು, ಕಂತು 23,500 ದಾಟಬೇಕಿತ್ತು. ಅವಧಿ ಯಾವತ್ತಿಂದ ಅಂತ ಪತ್ರ ಹೇಳದಿದ್ದರೂ ಕಂತು ಹೇಳಿಬಿಡುತ್ತದೆ, ನೋಡಿ.

ಆದರೂ 22,486ಕ್ಕೂ ಪತ್ರದ 22,736ಕ್ಕೂ 250 ರೂಪಾಯಿ ವ್ಯತ್ಯಾಸ. ಚಿಲ್ಲರೆ ಅಂತ ನಾನು ಬಿಡುತ್ತಿದ್ದೆ, ಸರ್ ಬಿಡಲಿಲ್ಲ. ಬ್ಯಾಂಕಿನಿಂದ ಕಂತಿನ ಶೆಡ್ಯೂಲ್ ತರಿಸಿದೆವು. ಅದರಲ್ಲಿ ಬಿಡುವಿನ ನಂತರದ ಬಾಕಿ 12,87,984 ಅಂತಿತ್ತು. ನಮ್ಮ ಲೆಕ್ಕಕ್ಕಿಂತ 14,160 ಜಾಸ್ತಿ. 12 ಲಕ್ಷಕ್ಕೆ 1% ಫೀಸ್ ಅಂದರೆ 12,000, ಅದರ ಮೇಲೆ 18% ಜಿಎಸ್‌ಟಿ 2,160. ಕೂಡಿಸಿದರೆ ಸರಿಯಾಗಿ ಅಷ್ಟೇ! ಕೊನೇ ಪುಟದ ಸಣ್ಣ ಅಕ್ಷರದಲ್ಲಿ "ಅನ್ವಯವಾಗುವ ಶುಲ್ಕಗಳನ್ನು ಸಾಲದ ಖಾತೆಗೆ ಹಾಕಲಾಗುವುದು" ಅಂತ ಒಂದು ಸಾಲಿತ್ತು, ಎಷ್ಟು ಅಂತ ಇರಲಿಲ್ಲ. ಅದನ್ನು ಅಸಲಿಗೆ ಸೇರಿಸಿದ್ದರಿಂದ ತಿಂಗಳಿಗೆ 250ರಂತೆ 84 ತಿಂಗಳಿಗೆ 21,000 ಕಟ್ಟಬೇಕಾಗುತ್ತಿತ್ತು. ಫೀಸ್ 14,160 ಆಗಿದ್ದರೂ!

ಒಟ್ಟು ನೋಡಿದರೆ ಮೊದಲಿದ್ದಂತೆ 60 ಕಂತು ಕಟ್ಟಿದ್ದರೆ 16 ಲಕ್ಷ ಚಿಲ್ಲರೆ ಆಗುತ್ತಿತ್ತು, ಈ ಪತ್ರದಂತೆ 19 ಲಕ್ಷ ದಾಟುತ್ತದೆ. ನಾನು "ಉಳೀತು" ಅಂದಿದ್ದು ಇದನ್ನೇ. ಫೀಸ್ ಸಾಲಕ್ಕೆ ಸೇರಿಸದೆ, ಬಿಡುವಾದ ಮೇಲೆ ಹಳೇ 26,693ನ್ನೇ ಕಟ್ಟಿದರೆ 66ನೇ ಕಂತಿಗೆ ಮುಗಿಯುತ್ತದೆ, ಜಾಸ್ತಿ ಆಗುವುದು 1.38 ಲಕ್ಷ. ಆದರೆ ಅದು ನಮ್ಮ ಕಾಗದದ ಮೇಲಿನ ಮಾತು, ಗಿರಣಿಯಲ್ಲಿ ಅಷ್ಟು ದುಡ್ಡು ಓಡಾಡುತ್ತಿರಲಿಲ್ಲ. ಯಜಮಾನ್ರು ಹೇಳಿದ್ದಿಷ್ಟು: "ಬಡ್ಡಿಯಷ್ಟು ಹೊಂದಿಸಬಲ್ಲೆ, ಕೆಲವು ತಿಂಗಳಾದರೂ."

ಹಾಗಾಗಿ ಬ್ಯಾಂಕಿಗೆ ಮೂರು ವಿಷಯ ಬರೆದೆವು. ಬಿಡುವು ಸೇರಿ ಒಟ್ಟು ಎಷ್ಟು ತಿಂಗಳು, ಕೊನೇ ಕಂತಿನ ತಾರೀಕು ಏನು ಅಂತ ನಮೂದಿಸಿ. ಫೀಸ್ ಎಷ್ಟು ಅಂತ ಬರೆಯಿರಿ, ಸಾಲಕ್ಕೆ ಸೇರಿಸಬೇಡಿ, ಬೇರೆ ಕಟ್ಟುತ್ತೇವೆ. ಬಿಡುವಿನಲ್ಲಿ ಬಡ್ಡಿ ಕಟ್ಟಿದರೆ ಅದೇ ತಿಂಗಳ ಬಡ್ಡಿಗೆ ಜಮಾ ಮಾಡಿ, ದಂಡ ಬೇಡ.

ವಾರ ಕಳೆದ ಮೇಲೆ ತಿದ್ದಿದ ಪತ್ರ ಬಂತು, ಅವಧಿ 90 ತಿಂಗಳು ಅಂತ ಸ್ಪಷ್ಟವಾಗಿ. ಫೀಸ್ ಕಡಿಮೆ ಮಾಡಲಿಲ್ಲ, ಆದರೆ ಬೇರೆ ಕಟ್ಟಿಸಿಕೊಂಡರು. ಮ್ಯಾನೇಜರ್‌ಗೆ ನಮ್ಮ ಮೇಲೆ ಸ್ವಲ್ಪ ಸಿಟ್ಟೇ ಬಂದಿತ್ತು ಅನ್ನಿ. ಆರರಲ್ಲಿ ನಾಲ್ಕು ತಿಂಗಳು ಯಜಮಾನ್ರು ಬಡ್ಡಿ ಕಟ್ಟಿದರು. ನಾನೀಗ ಇಂಥ ಪತ್ರ ಬಂದರೆ ಮೊದಲು ಶೆಡ್ಯೂಲ್ ತರಿಸುತ್ತೇನೆ, ಫೋನ್ ಆಮೇಲೆ.