ಏಳು ಸಾವಿರ ವಾಪಸ್ ಕೇಳಲು ಹೋಗಿ

ನಮ್ಮ ಮಾವನವರು ಗಂಗಾವತಿ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿ, ಮುಖ್ಯೋಪಾಧ್ಯಾಯರಾಗಿ 2014ರ ಡಿಸೆಂಬರಿನಲ್ಲಿ ನಿವೃತ್ತರಾದವರು. ಈ ಸೋಮವಾರ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಲೆಕ್ಕಪರಿಶೋಧಕರ ಬಳಿ ಹೋಗಿದ್ದು ವಿಮೆಯ ಹಣದಲ್ಲಿ ಮುಂಗಡವಾಗಿ ಕಡಿತವಾಗಿದ್ದ ಏಳು ಸಾವಿರ ರೂಪಾಯಿ ತೆರಿಗೆ, ಅಂದರೆ ಟಿಡಿಎಸ್, ವಾಪಸ್ ಪಡೆಯುವ ಆಸೆಯಿಂದ. ಮರಳಿ ಬರುವಾಗ ನಮ್ಮ ಕೈಯಲ್ಲಿದ್ದದ್ದು ಹತ್ತೊಂಬತ್ತು ಸಾವಿರ ಕಟ್ಟಬೇಕೆಂದು ಬರೆದ ಚೀಟಿ.

ಲೆಕ್ಕಪರಿಶೋಧಕರು ಮಾವನವರ ಹಳೆಯ ವಿದ್ಯಾರ್ಥಿ. ಗೊಬ್ಬರದ ಅಂಗಡಿಯ ಮೇಲಿನ ಸಣ್ಣ ಕಚೇರಿಯಲ್ಲಿ ಎದ್ದು ನಿಂತು ನಮಸ್ಕರಿಸಿ, ಕುರ್ಚಿ ಸರಿಸಿ ಕೊಟ್ಟು, ನಾವು ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದ ಪಾಲಿಸಿ ಬಾಂಡನ್ನು ಬಿಡಿಸಿದರು. ಟ್ರಂಕಿನಲ್ಲಿ ಹತ್ತು ವರ್ಷ ನುಸಿಗುಳಿಗೆಯ ಜೊತೆ ಮಲಗಿದ್ದ ಆ ಕಾಗದ ಬಿಚ್ಚಿದೊಡನೆ ಕೋಣೆಯೆಲ್ಲ ಅದೇ ವಾಸನೆ. ಅವರು ಬಡ್ಡಿ, ಬೋನಸ್ಸು, ಕೈಗೆ ಬಂದ ಮೊತ್ತ ಯಾವುದನ್ನೂ ಕೇಳಲಿಲ್ಲ. ಎರಡನೆಯ ಪುಟದಲ್ಲಿ ಎರಡು ಅಂಕಿಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. ಒಂದೇ ಕಂತಿನ ಪ್ರೀಮಿಯಂ 5,00,000; ವಿಮಾ ಮೊತ್ತ, ಅಂದರೆ ಸಮ್ ಅಶೂರ್ಡ್, 5,50,000.

“ಸರ, ಇಲ್ಲೇ ಕೆಟ್ಟೈತ್ರೀ,” ಎಂದರು.

ಜೀವವಿಮೆಯಿಂದ ಬಂದ ಹಣಕ್ಕೆ ತೆರಿಗೆಯಿಲ್ಲ ಎಂಬ ಮಾತು 1961ರ ಆದಾಯ ತೆರಿಗೆ ಕಾಯ್ದೆಯ 10(10ಡಿ) ಕಲಮಿನಿಂದ ಹುಟ್ಟಿದ್ದು. ಆದರೆ ಆ ಕಲಮಿಗೆ ಒಂದು ಷರತ್ತಿದೆ. 2012ರ ಏಪ್ರಿಲ್ 1ರಿಂದ ಈಚೆಗೆ ನೀಡಲಾದ ಪಾಲಿಸಿಯಲ್ಲಿ ಯಾವ ವರ್ಷದ ಪ್ರೀಮಿಯಮ್ಮೂ ವಿಮಾ ಮೊತ್ತದ ಶೇಕಡಾ 10ನ್ನು ಮೀರಬಾರದು. ಒಂದು ವರ್ಷ ಮೀರಿದರೂ ಅವಧಿ ಮುಗಿದಾಗ ಬರುವ ಹಣಕ್ಕೆ ವಿನಾಯಿತಿ ಇಲ್ಲ. ಮಾವನವರು ಮೊದಲ ವರ್ಷವೇ ಐದು ಲಕ್ಷ ಕಟ್ಟಿದ್ದರು. ಅದು ವಿಮಾ ಮೊತ್ತದ ಶೇಕಡಾ 90ಕ್ಕಿಂತ ಹೆಚ್ಚು. ಅಷ್ಟು ಕಂತಿಗೆ ವಿನಾಯಿತಿ ಸಿಗಬೇಕಾದರೆ ವಿಮಾ ಮೊತ್ತ ಐವತ್ತು ಲಕ್ಷವಿರಬೇಕಿತ್ತು. ಅರವತ್ತು ದಾಟಿದ ಮನುಷ್ಯನ ಜೀವಕ್ಕೆ ಐದು ಲಕ್ಷ ತೆಗೆದುಕೊಂಡು ಐವತ್ತು ಲಕ್ಷದ ಹೊಣೆ ಹೊರುವ ಕಂಪನಿ ಎಲ್ಲಿದೆ? ಹೊತ್ತರೂ ಕಟ್ಟಿದ್ದರಲ್ಲಿ ಬಹುಪಾಲು ಆ ಹೊಣೆಯ ಖರ್ಚಿಗೇ ಹೋಗಿ, ಕೊನೆಗೆ ಕೈಗೆ ಬರುವುದು ಅಷ್ಟಕ್ಕಷ್ಟೆ. ಹೀಗಾಗಿ ನಿವೃತ್ತರಿಗೆ ಮಾರುವ ಒಂದೇ ಕಂತಿನ ಪಾಲಿಸಿಗಳು ಸಾಮಾನ್ಯವಾಗಿ ಮಾರಿದ ದಿನವೇ ಈ ಷರತ್ತಿನ ಆಚೆ ನಿಂತಿರುತ್ತವೆ, ಹತ್ತು ವರ್ಷ ಕಾಯಬೇಕಾಗಿಲ್ಲ.

ಮಾವನವರು ಸ್ವಲ್ಪ ಹೊತ್ತು ಆ ಗೆರೆಗಳನ್ನೇ ನೋಡುತ್ತ ಕುಳಿತರು. ಆಮೇಲೆ ಕೇಳಿದರು: “ಅಲ್ಲೋ ತಮ್ಮಾ, ನಾ ನಡುವ ಸತ್ತಿದ್ರ?”

“ಸತ್ತಿದ್ರ ಅಮ್ಮಾರಿಗೆ ಬರೋದು ಪೂರಾ ಮಾಫಿ ಇರ್ತಿತ್ತು ಸರ. ಸಾವಿನ ಕ್ಲೇಮಿಗೆ ಈ ಹತ್ತು ಪರ್ಸೆಂಟಿನ ಲೆಕ್ಕ ಬರಂಗಿಲ್ಲ.”

“ಅಂದ್ರ ಬದುಕಿದ್ದಕ್ಕ ಕಟ್ಟಬೇಕು.”

ಅವರು ಅದನ್ನು ನಗುತ್ತಲೇ ಹೇಳಿದರು, ಲೆಕ್ಕಪರಿಶೋಧಕರೂ ನಕ್ಕರು. ನನಗೆ ಮಾತ್ರ ನಗಲಾಗಲಿಲ್ಲ. ನಾಲ್ಕು ದಿನಗಳಿಂದ ಆ ಮಾತೇ ಕಿವಿಯಲ್ಲಿದೆ. ಕಾಯ್ದೆಯ ದೃಷ್ಟಿಯಿಂದ ಅದರಲ್ಲಿ ಅನ್ಯಾಯವೇನೂ ಇಲ್ಲವೆಂದು ನನಗೂ ತಿಳಿಯುತ್ತದೆ. ವಿನಾಯಿತಿ ಇರುವುದು ಸಾವಿನ ಅಪಾಯಕ್ಕೆ ಆಸರೆಯಾಗುವ ವಿಮೆಗೆ, ವಿಮೆಯ ಅಂಗಿ ತೊಟ್ಟ ಠೇವಣಿಗಲ್ಲ. ಐದು ಲಕ್ಷ ಕೊಟ್ಟು ಐದೂವರೆ ಲಕ್ಷದ ರಕ್ಷಣೆ ಪಡೆದವನು ನಿಜಕ್ಕೂ ವಿಮೆ ಕೊಂಡದ್ದು ಐವತ್ತು ಸಾವಿರದಷ್ಟು ಮಾತ್ರ. ಆದರೆ ಈ ಮಾತನ್ನು 2015ರ ಮಾರ್ಚಿನಲ್ಲಿ, ಗ್ರಾಚ್ಯುಟಿ ಹಣ ಬ್ಯಾಂಕಿಗೆ ಬಂದ ವಾರವೇ ಅಂಗಳಕ್ಕೆ ಬಂದು ಕುಳಿತ ಏಜೆಂಟ್ ಹೇಳಬೇಕಿತ್ತು. ಅವನೂ ಮಾವನವರ ವಿದ್ಯಾರ್ಥಿಯೇ. “ಠೇವಣಿ ಬಡ್ಡಿಗೆ ತೆರಿಗಿ ಐತ್ರೀ ಸರ, ಇದಕ್ಕ ಒಂದು ಪೈಸಾ ಇಲ್ಲ,” ಎಂದಿದ್ದನ್ನು ಕಟ್ಟೆಯ ಮೇಲೆ ಚಹಾ ಹಿಡಿದು ಕುಳಿತಿದ್ದ ನಾನೇ ಕೇಳಿಸಿಕೊಂಡಿದ್ದೇನೆ. ಅವನು ಸುಳ್ಳುಗಾರನೆಂದು ನಾನು ಹೇಳಲಾರೆ; ಹೇಳಿಕೊಟ್ಟದ್ದನ್ನು ಒಪ್ಪಿಸಿದ ಹುಡುಗ. ಬಾಂಡಿನ ಎರಡನೆಯ ಪುಟವನ್ನು ಅವನೂ ಓದಿರಲಿಕ್ಕಿಲ್ಲ, ನಾವೂ ಓದಲಿಲ್ಲ.

2025ರ ಮಾರ್ಚಿನಲ್ಲಿ ಅವಧಿ ಮುಗಿದು ಬಂದದ್ದು 8,50,000. ಕಂಪನಿಯವರು ಅದರಲ್ಲಿ ಕಟ್ಟಿದ ಐದು ಲಕ್ಷ ಕಳೆದು, ಉಳಿದ ಮೂರೂವರೆ ಲಕ್ಷದ ಮೇಲೆ ಶೇಕಡಾ 2ರಂತೆ 7,000 ಹಿಡಿದರು. ನಾವು ತಿಳಿದದ್ದು ತೆರಿಗೆ ಅಲ್ಲಿಗೆ ಮುಗಿಯಿತು, ಪಿಂಚಣಿ ಕಡಿಮೆಯಿರುವುದರಿಂದ ಅದೂ ವಾಪಸ್ ಬರುತ್ತದೆ ಎಂದು. ಟಿಡಿಎಸ್ ಎಂಬುದು ಮುಂಗಡ ಹಿಡಿತ ಮಾತ್ರ. ಲಾಭವನ್ನು ವರ್ಷದ ಉಳಿದ ಆದಾಯಕ್ಕೆ ಕೂಡಿಸಿ ರಿಟರ್ನಿನಲ್ಲಿ ತೋರಿಸಬೇಕು. ವಿಮೆಯ ಹಣದ ಟಿಡಿಎಸ್ಸಿಗೆ ಇದ್ದ 194ಡಿಎ ಕಲಮಿನ ಆ ಕಡಿತ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಆಗಲೇ ಕುಳಿತಿತ್ತು. ಅದನ್ನು ವಿನಾಯಿತಿ ಎಂದು ಬರೆದು ಕಳಿಸಿದ್ದರೆ ನೋಟಿಸ್ ಬರುತ್ತಿತ್ತು.

ಇನ್ನೊಂದು ಪೆಟ್ಟು ಹಳೆಯ ರಿಟರ್ನಿನಿಂದ ಬಂತು. 2014-15ರಲ್ಲಿ ಮಾವನವರು ಇದೇ ಪ್ರೀಮಿಯಮ್ಮಿಗೆ 80ಸಿ ಕಲಮಿನಡಿ ತೆರಿಗೆ ಬೀಳುವ ಆದಾಯದಲ್ಲಿ ಕಡಿತ ಪಡೆದಿದ್ದರು. ಅಲ್ಲಿಯೂ ವಿಮಾ ಮೊತ್ತದ ಶೇಕಡಾ 10ರವರೆಗೆ ಮಾತ್ರ ಅವಕಾಶವಿದ್ದುದರಿಂದ ಆಗ ಸಿಕ್ಕದ್ದು 55,000. ಒಮ್ಮೆ ಕಡಿತ ಪಡೆದ ಪ್ರೀಮಿಯಮ್ಮನ್ನು ಲಾಭದ ಲೆಕ್ಕದಲ್ಲಿ ಮತ್ತೆ ಕಳೆಯುವಂತಿಲ್ಲ. ಆದ್ದರಿಂದ ಐದು ಲಕ್ಷದ ಬದಲು 4,45,000 ಮಾತ್ರ ಕಳೆದು, ತೆರಿಗೆಗೆ ಒಳಪಡುವ ಮೊತ್ತ 4,05,000 ಆಯಿತು. ಕಂಪನಿಯ ಲೆಕ್ಕಕ್ಕಿಂತ ಇದು 55,000 ಹೆಚ್ಚು. ನಮ್ಮ ಹಳೆಯ 80ಸಿ ಕಂಪನಿಗೆ ತಿಳಿದಿರುವುದಿಲ್ಲವಲ್ಲ.

ಮಾವನವರ ವರ್ಷದ ಪಿಂಚಣಿ 4,20,000. ಹೊಸ ತೆರಿಗೆ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 3,45,000. ವಿಮೆಯ ಹಣ ಬರದಿದ್ದರೆ ಏಳು ಲಕ್ಷದವರೆಗಿನ ಆದಾಯಕ್ಕಿದ್ದ ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ. ಈಗ ಎರಡೂ ಸೇರಿ 7,50,000. ಏಳು ಲಕ್ಷ ದಾಟಿದೊಡನೆ 2024-25ರ ಆ ರಿಯಾಯಿತಿ ಹೋಯಿತು. ಮೂರರಿಂದ ಏಳು ಲಕ್ಷದವರೆಗೆ ಶೇಕಡಾ 5ರಂತೆ 20,000, ಮೇಲಿನ ಐವತ್ತು ಸಾವಿರಕ್ಕೆ ಶೇಕಡಾ 10ರಂತೆ 5,000, ಸೆಸ್ 1,000. ಒಟ್ಟು 26,000ದಲ್ಲಿ ಹಿಡಿದ 7,000 ಕಳೆದರೆ 19,000. ಹಿರಿಯ ನಾಗರಿಕರಾಗಿ, ವ್ಯಾಪಾರದ ಆದಾಯವಿಲ್ಲದ್ದರಿಂದ ಮುಂಗಡ ತೆರಿಗೆಯ ಬಡ್ಡಿ ಬೀಳಲಿಲ್ಲ, ಅಷ್ಟರಮಟ್ಟಿಗೆ ಪುಣ್ಯ.

ಲೆಕ್ಕ ಮುಗಿಯುವವರೆಗೂ ಮಾವನವರು ಒಂದು ಅಂಕಿಯನ್ನೂ ಪ್ರಶ್ನಿಸಲಿಲ್ಲ. ಶಿಷ್ಯ ಕೂಡಿಸುತ್ತಿದ್ದುದನ್ನು ತುಟಿಯಲ್ಲೇ ಕೂಡಿಸುತ್ತ, ಕೊನೆಗೆ “ಬರೋಬ್ಬರಿ ಐತಿ” ಎಂದರು. ಮನೆಗೆ ಬಂದು ಅತ್ತೆಯವರಿಗೆ ಹೇಳಿದ್ದು ಮಾತ್ರ “ನಾ ಸತ್ತಿದ್ರ ಹತ್ತೊಂಬತ್ತು ಸಾವಿರ ಉಳೀತಿತ್ತು ನೋಡು” ಎಂದು. ಅತ್ತೆಯವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, “ಇಂಥ ಮಾತು ಇನ್ನೊಮ್ಮೆ ಆಡಬ್ಯಾಡ್ರಿ” ಎಂದು ಒಳಗೆ ಹೋದರು. ಅಂದು ರಾತ್ರಿ ಊಟಕ್ಕೆ ಯಾರೂ ಹೆಚ್ಚು ಮಾತಾಡಲಿಲ್ಲ.

ಊಟವಾದ ಮೇಲೆ ನಾನು ನಮ್ಮ ಬಾಂಡುಗಳನ್ನು ತೆಗೆದೆ. 2011ರ ನನ್ನ ಪಾಲಿಸಿಗೆ ವರ್ಷಕ್ಕೆ 36,000, ವಿಮಾ ಮೊತ್ತ 2,40,000. ಶೇಕಡಾ 15 ಆದರೂ ಅದು ಪಾರು, ಏಕೆಂದರೆ 2012ರ ಮಾರ್ಚ್ 31ರವರೆಗೆ ನೀಡಿದ ಪಾಲಿಸಿಗಳಿಗೆ ಮಿತಿ ಶೇಕಡಾ 20 ಇತ್ತು. ಹೆಂಡತಿಯದು 2013ರದ್ದು, ಕಂತು 32,000, ವಿಮಾ ಮೊತ್ತ 3,00,000. ಬೋನಸ್ ಸೇರಿಸಿದರೆ ಸರಿಹೋಗುತ್ತದೇನೋ ಎಂದು ಮಾವನವರನ್ನು ಕೇಳಿದೆ. ಅವರು ಕನ್ನಡಕ ಏರಿಸಿ, ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, “ಬೋನಸ್ ಹಿಡಿಯಂಗಿಲ್ಲ, ಅವ ಹೇಳಿದ್ನಲ್ಲ,” ಎಂದು ಎರಡನೆಯ ಪುಟದ ಎರಡು ಅಂಕಿಗಳ ಕೆಳಗೆ ಗೆರೆ ಎಳೆದರು. ಎರಡು ಸಾವಿರ ರೂಪಾಯಿ ಹೆಚ್ಚಿತ್ತು.