ಪೀಪಿ ತಡವಾಗಿ ಊದಿದ್ದೂ ಸರಿ

ಇವತ್ತು ಮಡಿಕೇರಿಯಲ್ಲಿ ಮಳೆ ನಿಂತ ಮೇಲೆ ಫುಟ್‌ಬಾಲ್ ನೋಡ್ತಾ ಇದ್ದೆ. ನಮ್ಮ ಹುಡುಗನ ಕಾಲಿಗೆ ಅಡ್ಡ ಕಾಲು ಬಿತ್ತು, ಆದರೆ ಬಾಲ್ ಜೊತೆಗಾರನಿಗೇ ಸಿಕ್ಕಿತು. ರೆಫರಿ ಪೀಪಿ ಊದದೆ ಕೈಗಳನ್ನು ಮುಂದಕ್ಕೆ ಚಾಚಿ ‘ಆಡಿ’ ಅಂದರು. ಎರಡೇ ಹೆಜ್ಜೆ, ಕೆಸರಲ್ಲಿ ಬಾಲ್ ಸಿಕ್ಕಿಹಾಕಿಕೊಂಡು ಎದುರಾಳಿ ಕಿತ್ತುಕೊಂಡ. ತಕ್ಷಣ ಪೀಪಿ, ಫೌಲ್ ಆದ ಜಾಗದಲ್ಲೇ ಫ್ರೀ ಕಿಕ್.

ಪಕ್ಕದಲ್ಲಿದ್ದ ಅಣ್ಣ ಒಬ್ಬರು, ‘ಆಗ ಬಿಟ್ಟು ಈಗ ಊದೋದಾ?’ ಅಂತ ಬೈದರು. ನಿಯಮ ಇರೋದೇ ಹಾಗೆ. ಆಟ ಮುಂದುವರಿದರೆ ನಮ್ಮವರಿಗೆ ಆಗುತ್ತೆ ಅಂತ ಎಣಿಸಿದ ಲಾಭ ಕೆಲವೇ ಸೆಕೆಂಡಲ್ಲಿ ಸಿಗದಿದ್ದರೆ ಮೊದಲಿನ ಫೌಲ್‌ಗೆ ವಾಪಸ್. ಆದರೆ ಬಾಲ್ ಸಿಕ್ಕ ಜೊತೆಗಾರ ಆರಾಮಾಗಿ ಗುರಿ ಇಟ್ಟು ಹೊಡೆದೂ ಗೋಲ್ ಆಗದಿದ್ದರೆ ವಾಪಸ್ ಇಲ್ಲ, ಅವಕಾಶ ಸಿಕ್ಕಿಯಾಯ್ತಲ್ವಾ. ಆ ಎರಡು ಸೆಕೆಂಡ್ ಕಾಯೋ ಧೈರ್ಯ ನನಗೆ ತುಂಬಾ ಇಷ್ಟವಾಯ್ತು.